ಅವನ ಪ್ರೊಬೇಷನ್ ಮುಗಿಯಿತು, ನಿಮ್ಮ ದುಡ್ಡು ಎಲ್ಲಿ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹುದ್ದೆ ಖಾಲಿಯಾದಾಗ ಅದರ ಸುದ್ದಿ ಹೊರಗಿನವರಿಗಿಂತ ಮೊದಲು ಒಳಗಿನವರಿಗೇ ಗೊತ್ತಾಗುತ್ತದೆ. 'ನಿಮಗೆ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ, ಅವರು ಸೇರಿದರೆ ನಿಮಗೆ ಇಷ್ಟು ಸಾವಿರ' ಎಂಬ ಮೇಲ್ ಬರುತ್ತದೆ. ಕಂಪನಿಗೆ ಇದರಲ್ಲಿ ನಷ್ಟವೇನೂ ಇಲ್ಲ. ಕನ್ಸಲ್ಟೆನ್ಸಿಯವರ ಮೂಲಕ ಒಬ್ಬರನ್ನು ತಂದರೆ ಅಭ್ಯರ್ಥಿಯ ವಾರ್ಷಿಕ ಸಂಬಳದ ಒಂದು ಪಾಲನ್ನೇ ಶುಲ್ಕವಾಗಿ ಕೊಡಬೇಕು. ನೌಕರರ ಕೈಗೆ ಕೊಡುವ ರೆಫರಲ್ ಬೋನಸ್ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಕನ್ಸಲ್ಟೆನ್ಸಿಯವರು ಇನ್‌ವಾಯ್ಸ್ ಕಳಿಸಿ, ಫೋನ್ ಮಾಡಿ, ಬೆನ್ನು ಬಿದ್ದು ವಸೂಲಿ ಮಾಡುತ್ತಾರೆ. ನೌಕರರು ಮಾತ್ರ ದುಡ್ಡು ತಾನಾಗಿಯೇ ಬರುತ್ತದೆಂದು ಕಾಯುತ್ತಾರೆ. ಬಾಕಿ ಉಳಿಯುವುದು ಹೆಚ್ಚಾಗಿ ಇಂಥ ಕಡೆ.

ಬೋನಸ್ ಎಂದರೆ ಸೇರಿದ ದಿನವೇ ಸಿಗುವ ದುಡ್ಡಲ್ಲ. ಸೇರಿದವರು ಮೂರು ತಿಂಗಳೋ ಆರು ತಿಂಗಳೋ ಉಳಿಯಬೇಕು, ಪ್ರೊಬೇಷನ್ ಮುಗಿಸಬೇಕು ಎಂಬ ಷರತ್ತು ಇದ್ದೇ ಇರುತ್ತದೆ. ಈ ಆರು ತಿಂಗಳಲ್ಲಿ ರೆಸ್ಯೂಮೆ ತೆಗೆದುಕೊಂಡ ರಿಕ್ರೂಟರ್ ಕೆಲಸ ಬಿಟ್ಟಿರಬಹುದು, ಪೋರ್ಟಲ್ ಬದಲಾಗಿರಬಹುದು, ರೆಫರ್ ಮಾಡಿದವರಿಗೇ ಅದು ಮರೆತಿರಬಹುದು. ಕಂಪನಿ ಬೇಕೆಂದೇ ಮೋಸ ಮಾಡುವುದು ಅಪರೂಪ. ಹೆಚ್ಚಿನ ಬಾಕಿಗಳ ಹಿಂದೆ ಇರುವುದು ಒಂದು ವಿಭಾಗ ಇನ್ನೊಂದಕ್ಕೆ ಕಳಿಸದೇ ಬಿಟ್ಟ ಒಂದು ಸಾಲು.

ಆ ಸಾಲು ಯಾವುದು ಎಂದು ತಿಳಿಯಲು ದುಡ್ಡು ಬರುವ ದಾರಿಯನ್ನು ನೋಡಬೇಕು. ನೇಮಕಾತಿ ತಂಡದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಅಭ್ಯರ್ಥಿಯ ಹೆಸರಿನ ಪಕ್ಕ 'ಸೋರ್ಸ್' ಎಂಬ ಒಂದು ಕಾಲಂ ಇರುತ್ತದೆ: ಈ ವ್ಯಕ್ತಿ ಎಲ್ಲಿಂದ ಬಂದರು ಎಂಬುದು. ಜಾಬ್ ಸೈಟ್, ವೆಂಡರ್, ಕ್ಯಾಂಪಸ್, ರೆಫರಲ್ ಇವುಗಳಲ್ಲಿ ಒಂದು ಅಲ್ಲಿ ಬಿದ್ದಿರುತ್ತದೆ. ರೆಫರಲ್ ಎಂದಿದ್ದರೆ ಅದರ ಜೊತೆಗೆ ರೆಫರ್ ಮಾಡಿದವರ ಎಂಪ್ಲಾಯೀ ನಂಬರ್ ಇರುತ್ತದೆ. ಪ್ರೊಬೇಷನ್ ಮುಗಿದು ಎಚ್‌ಆರ್‌ನವರು ಕನ್ಫರ್ಮೇಷನ್ ಮಾಡಿದ ಮೇಲೆ, ಆ ತಿಂಗಳು ಕನ್ಫರ್ಮ್ ಆದವರಲ್ಲಿ ಯಾರ ಸೋರ್ಸ್ ರೆಫರಲ್ ಎಂದು ಹೆಕ್ಕಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿ ಪೇರೋಲ್‌ಗೆ ಹೋಗುತ್ತದೆ. ಪೇರೋಲ್‌ನವರು ಪಟ್ಟಿಯಲ್ಲಿ ಇದ್ದವರಿಗೆ ಹಾಕುತ್ತಾರೆ, ಇಲ್ಲದವರಿಗೆ ಹಾಕುವುದಿಲ್ಲ, ಅಷ್ಟೇ. 'ನನ್ನ ಬೋನಸ್ ಯಾಕೆ ಬಂದಿಲ್ಲ' ಎಂದು ಪೇರೋಲ್‌ನವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಸೋರ್ಸ್ ಕಾಲಂ ಅವರ ಕೈಯಲ್ಲಿಲ್ಲ.

ಹಲವರಿಗೆ ಆಗುವುದನ್ನು ಸೇರಿಸಿ ಕಟ್ಟಿದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾಸನದ ಕಡೆಯ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ತನ್ನ ಕಾಲೇಜಿನ ಜೂನಿಯರ್ ಹುಡುಗನೊಬ್ಬನ ರೆಸ್ಯೂಮೆಯನ್ನು 2025ರ ಫೆಬ್ರುವರಿ 12ರಂದು ಕಂಪನಿಯ ರೆಫರಲ್ ಪೋರ್ಟಲ್‌ಗೆ ಹಾಕಿದಳು. ಕೂಡಲೇ ಒಂದು ಮೇಲ್ ಬಂತು, ಅದರಲ್ಲಿ ರೆಫರಲ್ ಐಡಿ. ಮಾರ್ಚ್‌ನಲ್ಲಿ ಒಂದು ಸುತ್ತು ಇಂಟರ್‌ವ್ಯೂ ಆಗಿ, ಆ ಹುದ್ದೆಯೇ ತಡೆಹಿಡಿಯಲ್ಪಟ್ಟಿತು. ಏಪ್ರಿಲ್‌ನಲ್ಲಿ ಬೇರೊಬ್ಬ ರಿಕ್ರೂಟರ್ ಹುಡುಗನಿಗೆ ಫೋನ್ ಮಾಡಿ, 'ಇನ್ನೊಂದು ಟೀಮಿನಲ್ಲಿ ಓಪನಿಂಗ್ ಇದೆ, ರೆಸ್ಯೂಮೆ ಒಮ್ಮೆ ಮೇಲ್ ಮಾಡಿ' ಅಂದರು. ಅವನು ಮಾಡಿದ. ಕೆಲಸ ಸಿಕ್ಕಿತು. ಮೇ 5ಕ್ಕೆ ಸೇರಿದ. ಪ್ರೊಬೇಷನ್ ಆರು ತಿಂಗಳು. ಬೋನಸ್ 60,000 ರೂಪಾಯಿ, ಕನ್ಫರ್ಮೇಷನ್ ಆದ ಮುಂದಿನ ತಿಂಗಳ ಸಂಬಳದ ಜೊತೆ ಎಂದು ಪಾಲಿಸಿಯಲ್ಲಿತ್ತು.

ಇಲ್ಲಿ ದಿನಗಳ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡಬೇಕು. ಮೇ 5ಕ್ಕೆ ಸೇರಿದವರ ಆರು ತಿಂಗಳು ಮುಗಿಯುವುದು ನವೆಂಬರ್ 4ಕ್ಕೆ. ಆದರೆ ಪಾಲಿಸಿಯಲ್ಲಿ 'ಆರು ತಿಂಗಳು' ಎನ್ನದೆ '180 ದಿನ' ಎಂದಿದ್ದರೆ, ಸೇರಿದ ದಿನವನ್ನೂ ಸೇರಿಸಿ ಎಣಿಸಿದಾಗ ಅಕ್ಟೋಬರ್ 31ಕ್ಕೇ ಮುಗಿಯುತ್ತದೆ. ನಾಲ್ಕು ದಿನದ ಈ ವ್ಯತ್ಯಾಸದಿಂದ ಬೋನಸ್ ಒಂದು ತಿಂಗಳು ಆಚೀಚೆ ಹೋಗಬಹುದು. ಇವೆರಡಕ್ಕಿಂತ ದೊಡ್ಡ ವ್ಯತ್ಯಾಸ ಮೂರನೆಯದು: ಪಾಲಿಸಿ ಹೇಳುವುದು 'ಪ್ರೊಬೇಷನ್ ಅವಧಿ ಮುಗಿದ ಮೇಲೆ' ಎಂದೋ, 'ಕನ್ಫರ್ಮೇಷನ್ ಆದ ಮೇಲೆ' ಎಂದೋ? ಅವಧಿ ತಾನಾಗಿ ಮುಗಿಯುತ್ತದೆ. ಕನ್ಫರ್ಮೇಷನ್ ಹಾಗಲ್ಲ. ಮ್ಯಾನೇಜರ್ ಒಂದು ಫಾರಂ ತುಂಬಬೇಕು, ಎಚ್‌ಆರ್ ಪತ್ರ ಹೊರಡಿಸಬೇಕು. ಪ್ರೊಬೇಷನ್ ಅನ್ನು ಮೂರು ತಿಂಗಳು ವಿಸ್ತರಿಸಿದ್ದರೆ, ಅಥವಾ ಸಂಬಳರಹಿತ ರಜೆ ಹಾಕಿದಷ್ಟು ದಿನ ಮುಂದೂಡುವ ನಿಯಮವಿದ್ದರೆ, ನಿಮ್ಮ ಬೋನಸ್ ಕೂಡ ಅಷ್ಟೇ ಮುಂದೆ ಹೋಗುತ್ತದೆ. ಇದು ರೆಫರ್ ಮಾಡಿದವರಿಗೆ ಗೊತ್ತೇ ಇರುವುದಿಲ್ಲ, ಯಾಕೆಂದರೆ ಪ್ರೊಬೇಷನ್ ವಿಸ್ತರಣೆಯಾಯಿತೆಂದು ಯಾವ ಹುಡುಗನೂ ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗುವುದಿಲ್ಲ.

ನಮ್ಮ ಉದಾಹರಣೆಯ ಹುಡುಗನಿಗೆ ಅಂಥ ತೊಂದರೆ ಇರಲಿಲ್ಲ. ಕನ್ಫರ್ಮೇಷನ್ ಪತ್ರ ಬಂದದ್ದು ನವೆಂಬರ್ 28ಕ್ಕೆ, ಆದರೆ ಪತ್ರದೊಳಗೆ 'ನವೆಂಬರ್ 5ರಿಂದ ಅನ್ವಯವಾಗುವಂತೆ' ಎಂದಿತ್ತು. ಅಂದರೆ ಡಿಸೆಂಬರ್ ಸಂಬಳದಲ್ಲಿ ಬೋನಸ್ ಬರಬೇಕು. ಬರಲಿಲ್ಲ.

ಬಂದಿಲ್ಲ ಎಂದು ತೀರ್ಮಾನಿಸುವ ಮೊದಲು ಪೇ ಸ್ಲಿಪ್ಪನ್ನು ತೆರೆದು ಸಾಲು ಸಾಲು ನೋಡುವುದು ಒಳ್ಳೆಯದು. ಎಲ್ಲ ಕಂಪನಿಗಳೂ 'ರೆಫರಲ್ ಬೋನಸ್' ಎಂದೇ ಹೆಸರಿಟ್ಟು ತೋರಿಸುವುದಿಲ್ಲ. 'ಒನ್ ಟೈಮ್ ಪೇಮೆಂಟ್', 'ಅದರ್ ಅರ್ನಿಂಗ್ಸ್' ಎಂಬ ಹೆಸರಿನಲ್ಲಿ ಅದು ಸೇರಿಹೋಗಿರಬಹುದು. ಬ್ಯಾಂಕಿಗೆ ಬಂದ ಮೊತ್ತವನ್ನಷ್ಟೇ ನೋಡಿದರೆ ತೆರಿಗೆ ಕಡಿತದ ನಡುವೆ ಗುರುತು ಸಿಗುವುದಿಲ್ಲ. ಕೆಲವು ಕಡೆ, ಮುಖ್ಯವಾಗಿ ಬಿಪಿಓಗಳಲ್ಲಿ, ಬೋನಸ್ಸನ್ನು ಕಂತಿನಲ್ಲಿ ಕೊಡುತ್ತಾರೆ: ಸೇರಿದ ಮೇಲೆ ಒಂದು ಪಾಲು, ಅವಧಿ ಮುಗಿದ ಮೇಲೆ ಉಳಿದದ್ದು. ಅಲ್ಲಿ ಮೊದಲ ಕಂತು ಬಂದಿದೆಯೇ ಎಂಬುದು ದೊಡ್ಡ ಸುಳಿವು. ಬಂದಿದ್ದರೆ ನಿಮ್ಮ ರೆಫರಲ್ ದಾಖಲಾಗಿದೆ ಎಂದೇ ಅರ್ಥ.

ಆಕೆಯ ಪೇ ಸ್ಲಿಪ್ಪಿನಲ್ಲಿ ಏನೂ ಇರಲಿಲ್ಲ. ಪೋರ್ಟಲ್ ತೆರೆದು ನೋಡಿದಾಗ ವಿಷಯ ಬೇರೆಯೇ ಕಂಡಿತು. ಹುಡುಗ ಪಕ್ಕದ ಬ್ಲಾಕ್‌ನಲ್ಲಿ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದಾನೆ, ಪೋರ್ಟಲ್‌ನಲ್ಲಿ ಮಾತ್ರ ಅವನ ರೆಫರಲ್ ಇನ್ನೂ 'ಪರಿಶೀಲನೆಯಲ್ಲಿದೆ'! ಇಂಥ ಕಡೆ ರೋಗ ಎಲ್ಲಿದೆ ಎಂದು ಹೇಳಲು ಹೆಚ್ಚು ಓದಬೇಕಿಲ್ಲ. ನೇಮಕವಾದದ್ದು ಬೇರೊಂದು ದಾಖಲೆಯಲ್ಲಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು. "ಏಪ್ರಿಲ್‌ನಲ್ಲಿ ರೆಸ್ಯೂಮೆ ಯಾವ ಮೇಲ್ ಐಡಿಯಿಂದ ಕಳಿಸಿದ್ದೋ?"

"ಅದು ಹೊಸ ಜಿಮೇಲ್ ಅಕ್ಕಾ. ಹಳೇದರಲ್ಲಿ ಜಾಗ ತುಂಬಿ ಹೋಗಿತ್ತು."

ಫೆಬ್ರುವರಿಯಲ್ಲಿ ಆಕೆ ಹಾಕಿದ ರೆಸ್ಯೂಮೆಯಲ್ಲಿ ಹಳೆಯ ಮೇಲ್ ಐಡಿ. ಏಪ್ರಿಲ್‌ನಲ್ಲಿ ಅವನು ಕಳಿಸಿದ್ದು ಹೊಸದರಿಂದ. ನೇಮಕಾತಿ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಮೇಲ್ ಐಡಿಯಿಂದಲೇ ಮನುಷ್ಯರನ್ನು ಗುರುತಿಸುತ್ತವೆ. ಎರಡನೇ ರಿಕ್ರೂಟರ್ ಹೊಸ ಐಡಿಯನ್ನು ಹಾಕಿದಾಗ ಹೊಸ ಅಭ್ಯರ್ಥಿ ಹುಟ್ಟಿಕೊಂಡ. ಅವನ ಸೋರ್ಸ್ ಕಾಲಂನಲ್ಲಿ ರೆಫರಲ್ ಇರಲಿಲ್ಲ, ಆಕೆಯ ಎಂಪ್ಲಾಯೀ ನಂಬರೂ ಇರಲಿಲ್ಲ. ತಿಂಗಳ ಕೊನೆಯ ಪಟ್ಟಿಯಲ್ಲಿ ಆಕೆಯ ಹೆಸರು ಬೀಳುವುದು ಸಾಧ್ಯವೇ ಇರಲಿಲ್ಲ. ರೆಫರಲ್ ಬಾಕಿಯ ಜಗಳಗಳು ಪ್ರೊಬೇಷನ್ ಮುಗಿದ ಮೇಲೆ ಶುರುವಾಗುತ್ತವೆ ನಿಜ. ಆದರೆ ಅವುಗಳ ಬೇರು ಹೀಗೆ ಸೇರುವ ಮುಂಚಿನ ದಿನಗಳಲ್ಲೇ ಇರುತ್ತದೆ.

ಇದೇ ಕಾಲಂನಲ್ಲಿ ಇನ್ನೆರಡು ಬಗೆಯ ಎಡವಟ್ಟು ಸಾಮಾನ್ಯ. ನೀವು ರೆಫರ್ ಮಾಡುವ ಮೊದಲೇ ಆ ವ್ಯಕ್ತಿಯ ರೆಸ್ಯೂಮೆ ಕಂಪನಿಯ ಸಂಗ್ರಹದಲ್ಲಿದ್ದರೆ, 'ಈಗಾಗಲೇ ನಮ್ಮಲ್ಲಿದೆ' ಎಂದು ರೆಫರಲ್ ತಿರಸ್ಕೃತವಾಗುತ್ತದೆ. ಎಷ್ಟು ತಿಂಗಳ ಹಿಂದಿನದು ಲೆಕ್ಕಕ್ಕೆ ಬರುತ್ತದೆ ಎಂಬುದು ಪಾಲಿಸಿಯಲ್ಲಿರುತ್ತದೆ. ಹಲವು ಕಡೆ ಆರು ತಿಂಗಳು. ಎರಡನೆಯದು ಕನ್ಸಲ್ಟೆನ್ಸಿ. ಕೆಲಸ ಹುಡುಕುವವರು ಒಂದೇ ವಾರದಲ್ಲಿ ನಿಮಗೂ ರೆಸ್ಯೂಮೆ ಕೊಟ್ಟು, ಇಬ್ಬರು ಕನ್ಸಲ್ಟೆನ್ಸಿಯವರಿಗೂ ಕೊಟ್ಟಿರುತ್ತಾರೆ. ಯಾರದು ಮೊದಲು ಸಿಸ್ಟಂಗೆ ಬಿತ್ತೋ ಅವರದು. ಅಲ್ಲಿ ಗಂಟೆ ನಿಮಿಷ ಕೂಡ ಮುಖ್ಯವಾಗುತ್ತದೆ. ಆದ್ದರಿಂದ ರೆಸ್ಯೂಮೆಯನ್ನು ಮ್ಯಾನೇಜರ್‌ಗೆ ವಾಟ್ಸ್ಆ್ಯಪ್ ಮಾಡಿದ್ದನ್ನೇ ರೆಫರಲ್ ಎಂದುಕೊಂಡು ಕೂತವರಿಗೆ ಬೋನಸ್ ಸಿಗುವುದು ಕಷ್ಟ. ಪೋರ್ಟಲ್‌ನಿಂದ ಬಂದ ಐಡಿಯೇ ರಸೀದಿ.

ಆಕೆಯ ಬಳಿ ಆ ರಸೀದಿ ಇತ್ತು. ಇನ್ನು ಬೇಕಾದದ್ದು ಮೂರು ದಾಖಲೆಗಳನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸುವುದು: ಫೆಬ್ರುವರಿ 12ರ ರೆಫರಲ್ ಮೇಲ್, ಹುಡುಗ ಸೇರಿದ ದಿನಾಂಕ, ಕನ್ಫರ್ಮೇಷನ್ ಜಾರಿಯಾದ ದಿನಾಂಕ. ಕೊನೆಯದನ್ನು ಎಚ್‌ಆರ್‌ನವರು ಆಕೆಗೆ ಕೊಡುವುದಿಲ್ಲ, ಕೊಡಲೂಬಾರದು. ಇನ್ನೊಬ್ಬ ನೌಕರನ ಖಾಸಗಿ ಮಾಹಿತಿ ಅದು. ಹುಡುಗನೇ ಕೊಡಬೇಕು. ಕನ್ಫರ್ಮೇಷನ್ ಪತ್ರದಲ್ಲಿ ಕೆಲವೊಮ್ಮೆ ಸಂಬಳ ಪರಿಷ್ಕರಣೆಯ ಅಂಕಿಯೂ ಇರುತ್ತದೆ, ಅದನ್ನು ಮುಚ್ಚಿ ದಿನಾಂಕದ ಸಾಲನ್ನಷ್ಟೇ ಕೊಟ್ಟರೆ ಸಾಕು. ಅಥವಾ ಅವನೇ ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿ, 'ನನ್ನನ್ನು ರೆಫರ್ ಮಾಡಿದ್ದು ಇವರು' ಎಂದು ಬರೆಯಬಹುದು. ಈ ಒಂದು ಸಾಲಿಗೆ ತೂಕವಿದೆ. ಸೇರುವಾಗ ತುಂಬಿದ ಫಾರಂನಲ್ಲಿ 'ಈ ಕೆಲಸದ ಬಗ್ಗೆ ಹೇಗೆ ಗೊತ್ತಾಯಿತು' ಎಂಬ ಪ್ರಶ್ನೆಗೆ ಅವನು ಆಕೆಯ ಹೆಸರನ್ನೇ ಬರೆದಿದ್ದರೆ ಇನ್ನೂ ಒಳ್ಳೆಯದು. ಎಂಟು ತಿಂಗಳ ಹಿಂದೆ, ಜಗಳವೇ ಇಲ್ಲದಾಗ ಬರೆದ ಮಾತು ಅದು.

ಜನವರಿ ಮೊದಲ ವಾರ ಆಕೆ ಟಿಕೆಟ್ ರೈಸ್ ಮಾಡಿದಳು. ಎರಡೇ ದಿನದಲ್ಲಿ ಉತ್ತರ ಬಂತು: 'ಸಿಸ್ಟಂ ಪ್ರಕಾರ ಸೋರ್ಸ್ ರೆಫರಲ್ ಅಲ್ಲ, ಆದ್ದರಿಂದ ನೀವು ಅರ್ಹರಲ್ಲ.' ಟಿಕೆಟ್ ಕ್ಲೋಸ್. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿನಲ್ಲಿ ಎಲ್ಲರನ್ನೂ ಸಿಸಿಯಲ್ಲಿಟ್ಟು ಉದ್ದನೆಯ ಮೇಲ್ ಬರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಟಿಕೆಟ್‌ಗೆ ಉತ್ತರ ಕೊಟ್ಟವರು ಪರದೆಯ ಮೇಲೆ ಕಂಡದ್ದನ್ನು ಓದಿ ಹೇಳಿದ್ದಾರೆ. ಅವರಿಗೆ ನೋಡಲು ಸರಿಯಾದ ಜಾಗ ತೋರಿಸಬೇಕು. ಟಿಕೆಟ್ಟನ್ನು ರೀಓಪನ್ ಮಾಡಿ ಆಕೆ ಬರೆದದ್ದರ ಸಾರ ಹೀಗಿತ್ತು:

'ಈ ಅಭ್ಯರ್ಥಿಯ ಹೆಸರಿನಲ್ಲಿ ನಿಮ್ಮ ಸಿಸ್ಟಂನಲ್ಲಿ ಎರಡು ದಾಖಲೆಗಳಿವೆ. ಮೊದಲನೆಯದು ಫೆಬ್ರುವರಿ 12ರದ್ದು, ನನ್ನ ರೆಫರಲ್ ಐಡಿ ಇದರ ಜೊತೆಗಿದೆ. ಎರಡನೆಯದು ಏಪ್ರಿಲ್‌ನಲ್ಲಿ ಹೊಸ ಮೇಲ್ ಐಡಿಯಿಂದ ಆದದ್ದು. ಎರಡರಲ್ಲೂ ಮೊಬೈಲ್ ನಂಬರ್ ಒಂದೇ. ಪಾಲಿಸಿಯ ಪ್ರಕಾರ ರೆಫರಲ್ ಆರು ತಿಂಗಳು ಊರ್ಜಿತ, ಯಾವ ಹುದ್ದೆಗೆ ಆಯ್ಕೆಯಾದರೂ ಅನ್ವಯ. ಅವರು ಸೇರಿದ್ದು ಮೇ 5ಕ್ಕೆ, ಕನ್ಫರ್ಮ್ ಆದದ್ದು ನವೆಂಬರ್ 5ರಿಂದ. ಎರಡನೇ ದಾಖಲೆ ಯಾವ ದಿನಾಂಕದಲ್ಲಿ ಯಾವ ಸೋರ್ಸ್‌ನಿಂದ ಆಯಿತು ಎಂದು ದಯವಿಟ್ಟು ತಿಳಿಸಿ. ಮೊದಲ ದಾಖಲೆಯೇ ಹಿಂದಿನದಾಗಿದ್ದರೆ ಸೋರ್ಸ್ ಸರಿಪಡಿಸಿ ಜನವರಿ ಪೇರೋಲ್‌ಗೆ ಕಳಿಸಿ.'

ಈ ಮೇಲ್‌ನಲ್ಲಿ ದೂರು ಇಲ್ಲ, ಪ್ರಶ್ನೆ ಇದೆ. ಆ ಪ್ರಶ್ನೆಗೆ 'ಅರ್ಹರಲ್ಲ' ಎಂಬುದು ಉತ್ತರವಾಗುವುದಿಲ್ಲ. ಯಾರೋ ಒಬ್ಬರು ಸಿಸ್ಟಂ ತೆರೆದು ಎರಡು ದಿನಾಂಕಗಳನ್ನು ನೋಡಲೇಬೇಕಾಗುತ್ತದೆ. ಕೊನೆಯ ಸಾಲೂ ಸುಮ್ಮನೆ ಬರೆದದ್ದಲ್ಲ. ಪೇರೋಲ್‌ಗೆ ಪ್ರತಿ ತಿಂಗಳೂ ಒಂದು ಕಟ್ ಆಫ್ ಇರುತ್ತದೆ, ಸಾಮಾನ್ಯವಾಗಿ 20ನೇ ತಾರೀಕಿನ ಆಸುಪಾಸು. ಅದಾದ ಮೇಲೆ ಒಪ್ಪಿಗೆ ಸಿಕ್ಕರೆ ದುಡ್ಡು ಮುಂದಿನ ತಿಂಗಳಿಗೇ. ಜೊತೆಗೆ ಕೆಲವು ಪಾಲಿಸಿಗಳಲ್ಲಿ 'ಅರ್ಹತೆ ಬಂದ 90 ದಿನದೊಳಗೆ ಕೇಳದಿದ್ದರೆ ಹಕ್ಕು ಹೋಗುತ್ತದೆ' ಎಂಬ ಸಾಲು ಎಲ್ಲೋ ಕೊನೆಯ ಪುಟದಲ್ಲಿ ಇರುತ್ತದೆ. ಸಭ್ಯತೆಗೆಂದು ಮಾರ್ಚ್‌ವರೆಗೆ ಕಾದವರಿಗೆ ಆ ಸಾಲು ಮುಳುವಾಗುತ್ತದೆ.

ಎಲ್ಲ ನಿರಾಕರಣೆಗಳೂ ಹೀಗೆ ತಿದ್ದಬಹುದಾದ ತಪ್ಪುಗಳಲ್ಲ. ಕೆಲವು ಸರಿಯಾಗಿಯೇ ಇರುತ್ತವೆ. ನೇಮಕಾತಿ ತಂಡದವರು, ಎಚ್‌ಆರ್‌ನವರು, ತನ್ನದೇ ಟೀಮಿಗೆ ಆಳು ತೆಗೆದುಕೊಳ್ಳುವ ಮ್ಯಾನೇಜರ್ ಇವರಿಗೆ ಸಾಮಾನ್ಯವಾಗಿ ಬೋನಸ್ ಇಲ್ಲ. ಹಿಂದೆ ಅದೇ ಕಂಪನಿಯಲ್ಲಿ ಇದ್ದವರನ್ನು, ಇಂಟರ್ನ್ ಆಗಿದ್ದವರನ್ನು ರೆಫರ್ ಮಾಡಿದರೂ ಕೆಲವೆಡೆ ಇಲ್ಲ. ಕಂಪನಿಯ ಆವರಣದಲ್ಲೇ ಕೂತು ಕೆಲಸ ಮಾಡಿದರೂ ಬೇರೆ ಏಜೆನ್ಸಿಯ ಪೇರೋಲ್‌ನಲ್ಲಿ ಇರುವವರಿಗೆ ಆ ಕಂಪನಿಯ ಪಾಲಿಸಿ ಅನ್ವಯಿಸುವುದಿಲ್ಲ. ಮೇಲ್ ಐಡಿ ಅದೇ, ಐಡಿ ಕಾರ್ಡಿನ ದಾರವೂ ಅದೇ ಬಣ್ಣ, ಸಂಬಳ ಕೊಡುವವರು ಬೇರೆ. ಇದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ.

ಇನ್ನೊಂದು ವಾದ ಕಂಪನಿಯ ಕಡೆಯಿಂದ ಬರುವುದುಂಟು: 'ಪಾಲಿಸಿ ಬದಲಾಗಿದೆ, ಈಗ ಬೋನಸ್ 25,000 ಮಾತ್ರ' ಅಥವಾ 'ಆ ಸ್ಕೀಮೇ ನಿಂತಿದೆ'. ಇಲ್ಲಿ 1872ರ ಭಾರತೀಯ ಕರಾರು ಕಾಯ್ದೆ ನೆರವಿಗೆ ಬರುತ್ತದೆ. ಅದರ 8ನೇ ಸೆಕ್ಷನ್ ಪ್ರಕಾರ, ಒಬ್ಬರು ಷರತ್ತಿನ ಮೇಲೆ ಮುಂದಿಟ್ಟ ಮಾತನ್ನು ಇನ್ನೊಬ್ಬರು ಆ ಷರತ್ತನ್ನು ನೆರವೇರಿಸಿಯೇ ಒಪ್ಪಿಕೊಂಡಂತೆ. 'ಅಭ್ಯರ್ಥಿ ತಂದುಕೊಡಿ, ಅವರು ಕನ್ಫರ್ಮ್ ಆದರೆ ಇಷ್ಟು ಕೊಡುತ್ತೇವೆ' ಎಂಬುದು ಅಂಥದೇ ಮಾತು. ರೆಫರ್ ಮಾಡಿದ ದಿನ ಜಾರಿಯಲ್ಲಿದ್ದ ಪಾಲಿಸಿಯ ಮೇಲೆ ನಂಬಿಕೆಯಿಟ್ಟು ಕೆಲಸ ಮಾಡಿದವರಿಗೆ ನಂತರದ ಬದಲಾವಣೆಯನ್ನು ಹಿಂದಕ್ಕೆ ಎಳೆದು ಅನ್ವಯಿಸುವುದು ಸುಲಭವಲ್ಲ. ಆದರೆ 'ಯಾವಾಗ ಬೇಕಾದರೂ ಬದಲಿಸುವ ಹಕ್ಕು ಆಡಳಿತಕ್ಕಿದೆ' ಎಂಬ ಸಾಲು ಪಾಲಿಸಿಯಲ್ಲಿ ಇದ್ದರೆ ವಾದ ತೆಳ್ಳಗಾಗುತ್ತದೆ. ಹೀಗಾಗಿ ರೆಫರ್ ಮಾಡಿದ ದಿನದ ಪಾಲಿಸಿಯ ಪ್ರತಿ ಬಳಿಯಲ್ಲಿ ಇರಬೇಕು. ಇಂಟ್ರಾನೆಟ್‌ನಲ್ಲಿ ಹಳೆಯ ಪಾಲಿಸಿಯ ಜಾಗದಲ್ಲಿ ಹೊಸದು ಕೂತರೆ ಹಳೆಯದು ಮತ್ತೆ ಸಿಗುವುದು ಕಷ್ಟ.

ಈ ವಿಷಯದಲ್ಲಿ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಹಳೆಯ ಮೊಕದ್ದಮೆ ಇದೆ: ಲಾಲ್‌ಮನ್ ಶುಕ್ಲಾ ಮತ್ತು ಗೌರಿ ದತ್ತ ಅವರ ನಡುವಿನದು, 1913ರಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಮಾನಿಸಿದ್ದು. ಕಾನ್ಪುರದ ಗೌರಿ ದತ್ತರ ಸಂಬಂಧಿ ಹುಡುಗನೊಬ್ಬ ಮನೆಬಿಟ್ಟು ಹೋಗಿದ್ದ. ಅವರ ಬಳಿ ಗುಮಾಸ್ತನಾಗಿದ್ದ ಶುಕ್ಲಾರನ್ನು ಹುಡುಕಲು ಹರಿದ್ವಾರದ ಕಡೆಗೆ ಕಳಿಸಿದರು. ಅವರು ಹೊರಟ ಮೇಲೆ, ಹುಡುಗನನ್ನು ಪತ್ತೆಮಾಡಿದವರಿಗೆ 501 ರೂಪಾಯಿ ಬಹುಮಾನ ಎಂದು ಕರಪತ್ರ ಹಂಚಲಾಯಿತು. ಶುಕ್ಲಾ ಹುಡುಗನನ್ನು ಪತ್ತೆಮಾಡಿದರು, ಆಮೇಲೆ ಬಹುಮಾನ ಕೇಳಿ ದಾವೆ ಹೂಡಿದರು. ಸೋತರು. ಹುಡುಕುವಾಗ ಅವರಿಗೆ ಬಹುಮಾನದ ವಿಷಯ ಗೊತ್ತಿರಲಿಲ್ಲ, ಗೊತ್ತಿಲ್ಲದ ಮಾತನ್ನು ಒಪ್ಪಿಕೊಳ್ಳುವುದು ಹೇಗೆ ಎಂಬುದು ಒಂದು ಕಾರಣ. ಹುಡುಕುವುದು ಅವರ ನೌಕರಿಯ ಕರ್ತವ್ಯವೇ ಆಗಿತ್ತು ಎಂಬುದು ಇನ್ನೊಂದು. ಎಚ್‌ಆರ್‌ನವರಿಗೆ ರೆಫರಲ್ ಬೋನಸ್ ಯಾಕಿಲ್ಲ ಎಂಬುದರ ಹಿಂದಿರುವ ತರ್ಕವೂ ಇದೇ. ಆಳು ಹುಡುಕುವುದೇ ಅವರ ಕೆಲಸ, ಅದಕ್ಕೇ ಸಂಬಳ.

ನಿಜಕ್ಕೂ ಕಗ್ಗಂಟಾಗುವುದು ರೆಫರ್ ಮಾಡಿದವರೇ ಕೆಲಸ ಬಿಡುವಾಗ. ನಮ್ಮ ಉದಾಹರಣೆಯ ಎಂಜಿನಿಯರ್ ನವೆಂಬರ್ 20ಕ್ಕೆ ರಾಜೀನಾಮೆ ಕೊಟ್ಟಿದ್ದಳು ಅಂದುಕೊಳ್ಳಿ. ಹುಡುಗನ ಕನ್ಫರ್ಮೇಷನ್ ನವೆಂಬರ್ 5ರಿಂದ ಅನ್ವಯ, ಪತ್ರ ನವೆಂಬರ್ 28ಕ್ಕೆ, ಬೋನಸ್ ಡಿಸೆಂಬರ್ ಕೊನೆಗೆ. ಹೆಚ್ಚಿನ ಪಾಲಿಸಿಗಳಲ್ಲಿ 'ನೋಟಿಸ್ ಪೀರಿಯಡ್‌ನಲ್ಲಿ ಇರುವವರಿಗೆ ಬೋನಸ್ ಇಲ್ಲ' ಎಂದಿರುತ್ತದೆ. ಯಾವ ದಿನ ನೋಟಿಸ್‌ನಲ್ಲಿ ಇರಬಾರದು? 'ಪಾವತಿಯ ದಿನ' ಎಂದು ಬರೆದಿದ್ದರೆ ಕಂಪನಿಯ ಕೈ ಮೇಲು. 'ಅರ್ಹತೆ ಬಂದ ದಿನ' ಅಥವಾ 'ಕನ್ಫರ್ಮೇಷನ್ ದಿನ' ಎಂದಿದ್ದರೆ, ನವೆಂಬರ್ 5ಕ್ಕೆ ಆಕೆ ನೋಟಿಸ್‌ನಲ್ಲಿ ಇರಲಿಲ್ಲ, ಆದ್ದರಿಂದ ದುಡ್ಡು ಆಕೆಯದು. ಮಾತು ಬರೀ 'ಕನ್ಫರ್ಮೇಷನ್ ಪತ್ರ ಹೊರಟ ದಿನ' ಎಂದಿದ್ದರೆ? ಆಗ ಪತ್ರವನ್ನು ಇಪ್ಪತ್ತಮೂರು ದಿನ ತಡವಾಗಿ ಕೊಟ್ಟದ್ದು ಕಂಪನಿಯೇ, ತನ್ನ ತಡಕ್ಕೆ ತಾನೇ ಲಾಭ ಪಡೆಯಬಾರದು ಎಂದು ವಾದಿಸಬಹುದು. ಗೆಲ್ಲುತ್ತೀರೆಂಬ ಖಾತ್ರಿಯಿಲ್ಲ, ಆದರೆ ವಾದಕ್ಕೆ ನೆಲೆಯಿದೆ.

ಕೆಲಸ ಬಿಡುವವರಿಗೆ ಇನ್ನೊಂದು ಕಿವಿಮಾತು. ಕೊನೆಯ ದಿನ ಸಂಜೆ ಲ್ಯಾಪ್‌ಟಾಪ್ ಒಪ್ಪಿಸಿದ ಕೂಡಲೇ ಮೇಲ್ ಬಂದ್ ಆಗುತ್ತದೆ, ರೆಫರಲ್ ಐಡಿ ಇದ್ದ ಮೇಲ್ ಕೂಡ ಅದರೊಳಗೇ ಉಳಿಯುತ್ತದೆ. ಹಾಗೆಂದು ಆಫೀಸಿನ ಮೇಲ್‌ಗಳನ್ನು ರಾಶಿಯಾಗಿ ಸ್ವಂತ ಜಿಮೇಲ್‌ಗೆ ಕಳಿಸಿಕೊಂಡರೆ ಮಾಹಿತಿ ಸೋರಿಕೆಯ ಆರೋಪ ತಲೆಗೆ ಬರುತ್ತದೆ. 60,000 ರೂಪಾಯಿಗಾಗಿ ರಿಲೀವಿಂಗ್ ಲೆಟರ್ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಐಡಿ ಮತ್ತು ದಿನಾಂಕಗಳನ್ನು ಬರೆದಿಟ್ಟುಕೊಂಡು, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಬಗ್ಗೆ ಎಚ್‌ಆರ್‌ಗೆ ಬರೆಯುವ ಮೇಲ್‌ನಲ್ಲಿ 'ಬಾಕಿ ಇರುವ ರೆಫರಲ್ ಬೋನಸ್ ಸೇರಿಸಿ' ಎಂದು ಐಡಿ ಸಮೇತ ಹಾಕಿ, ಸ್ವಂತ ಮೇಲ್ ಐಡಿಯನ್ನು ಸಿಸಿಯಲ್ಲಿ ಇಟ್ಟರೆ ಸಾಕು. ಸೆಟ್ಲ್‌ಮೆಂಟ್ ಪತ್ರದಲ್ಲಿ 'ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಸಾಲಿಗೆ ಸಹಿ ಹಾಕುವ ಮೊದಲು ಆ ಬೋನಸ್ ಅದರಲ್ಲಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಸಹಿಯ ಪಕ್ಕದಲ್ಲೇ 'ರೆಫರಲ್ ಬೋನಸ್ ಹೊರತುಪಡಿಸಿ' ಎಂದು ಬರೆಯಬಹುದು.

ಒಳಗಿನ ದಾರಿಗಳೆಲ್ಲ ಮುಗಿದ ಮೇಲೆ ಏನು? ಕರ್ನಾಟಕದಲ್ಲಿ ಐಟಿ ಉದ್ಯಮಕ್ಕೆ ಸ್ಥಾಯೀ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತಾ ಬಂದಿದೆ, 2024ರಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಿತು. ಆ ವಿನಾಯಿತಿಯ ಷರತ್ತುಗಳಲ್ಲಿ ಒಂದು, ಆಡಳಿತ ಮತ್ತು ನೌಕರರ ಸಮಾನ ಸಂಖ್ಯೆಯ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿಯನ್ನು ಕಂಪನಿ ಇಟ್ಟುಕೊಂಡಿರಬೇಕು ಎಂಬುದು. ಅಂಥದೊಂದು ಸಮಿತಿ ತಮ್ಮ ಆಫೀಸಿನಲ್ಲಿದೆ ಎಂದು ಎಷ್ಟೋ ನೌಕರರಿಗೆ ತಿಳಿದಿಲ್ಲ. ಎಚ್‌ಆರ್ 'ಇಲ್ಲ' ಎಂದ ಮೇಲೆ ಅದೇ ಎಚ್‌ಆರ್‌ಗೆ ಐದನೇ ಮೇಲ್ ಬರೆಯುವುದಕ್ಕಿಂತ ಆ ಸಮಿತಿಗೆ ಒಂದು ಪತ್ರ ಬರೆಯುವುದು ಮೇಲು.

ಅದರಾಚೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಇದರ ಕಚೇರಿ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ಬಾಕಿ ವೇತನಕ್ಕಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಲು ಅವಕಾಶವಿದೆ. ಹಿಂದಿನ ವೇತನ ಪಾವತಿ ಕಾಯ್ದೆಯಲ್ಲಿ ತಿಂಗಳಿಗೆ 24,000 ರೂಪಾಯಿ ಮೀರದವರಿಗಷ್ಟೇ ಆ ದಾರಿ ಇತ್ತು, ಗಡುವೂ ಒಂದು ವರ್ಷ. ಹೊಸದರಲ್ಲಿ ಆ ಮಿತಿ ಇಲ್ಲ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು ಎಂದೂ ಇದೆ. ಆದರೆ ರೆಫರಲ್ ಬೋನಸ್ 'ವೇತನ'ವೇ ಎಂಬುದರ ಮೇಲೆ ಕಂಪನಿ ತಕರಾರು ತೆಗೆಯುತ್ತದೆ. ಇದು ನಿತ್ಯದ ಕೆಲಸಕ್ಕೆ ಕೊಡುವ ಸಂಬಳವಲ್ಲ, ಪ್ರೋತ್ಸಾಹಧನ ಎನ್ನುತ್ತದೆ. ಆ ತಕರಾರು ನಿಂತರೆ ಉಳಿಯುವುದು ಕರಾರು ಉಲ್ಲಂಘನೆಯ ಸಿವಿಲ್ ದಾವೆ, ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವಿನೊಳಗೆ 'ನಿಮ್ಮ ಬೋನಸ್ ಬಾಕಿ ಇದೆ, ಕೊಡುತ್ತೇವೆ' ಎಂದು ಕಂಪನಿ ಸಹಿ ಹಾಕಿ ಬರೆದುಕೊಟ್ಟರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆ.

ಲೆಕ್ಕ ಹಾಕಿ ನೋಡಿದರೆ 60,000 ರೂಪಾಯಿಗೆ ವಕೀಲರ ಶುಲ್ಕ, ಓಡಾಟ, ರಜೆ ಎಲ್ಲ ಸೇರಿ ದಾವೆ ಲಾಭದ ಬಾಬತ್ತಲ್ಲ. ವಕೀಲರ ಒಂದು ನೋಟಿಸ್ ಬೇರೆ ಮಾತು. ಅದು ಎಚ್‌ಆರ್‌ನ ಮೇಜಿನಿಂದ ಕಂಪನಿಯ ಕಾನೂನು ವಿಭಾಗದ ಮೇಜಿಗೆ ಹೋಗುತ್ತದೆ. ಅಲ್ಲಿ ಮೊದಲ ಬಾರಿಗೆ ಯಾರೋ ಪಾಲಿಸಿಯನ್ನು ಪೂರ್ತಿ ಓದುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚೆಯೇ ಲೋಕ ಅದಾಲತ್ ಮುಂದೆ ಇಡುವ ಅವಕಾಶವೂ ಇದೆ. ಕರ್ನಾಟಕ ರಾಜ್ಯ ಐಟಿ ನೌಕರರ ಸಂಘದಂಥ ಸಂಘಟನೆಯ ಮೂಲಕ ಹೋದರೆ ಒಂಟಿಯಾಗಿ ಓಡಾಡುವುದು ತಪ್ಪುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಸಾಮಾಜಿಕ ಜಾಲತಾಣಗಳಲ್ಲಿ 'ರೆಫರಲ್ ಕೊಡಿಸುತ್ತೇನೆ, ಇಷ್ಟು ಕೊಡಿ' ಎನ್ನುವವರಿದ್ದಾರೆ. ಅಭ್ಯರ್ಥಿಯಿಂದ ದುಡ್ಡು ತೆಗೆದುಕೊಂಡದ್ದು ಗೊತ್ತಾದರೆ ಬೋನಸ್ ಬಿಡಿ, ಕೆಲಸವೇ ಹೋಗಬಹುದು. ಪರಿಚಯವೇ ಇಲ್ಲದವರನ್ನು 'ಜೊತೆ ಕೆಲಸ ಮಾಡಿದ್ದೇನೆ' ಎಂದು ಪೋರ್ಟಲ್‌ನಲ್ಲಿ ಬರೆದವರು, ಬಾಕಿ ಕೇಳಲು ಹೋದಾಗ ಅದೇ ಸಾಲಿನಿಂದ ಸಿಕ್ಕಿಹಾಕಿಕೊಳ್ಳುತ್ತಾರೆ.

ನಮ್ಮ ಉದಾಹರಣೆಯಲ್ಲಿ ಇಷ್ಟೆಲ್ಲ ಬೇಕಾಗಲಿಲ್ಲ. ನೇಮಕಾತಿ ತಂಡದವರು ಎರಡು ದಾಖಲೆಗಳನ್ನೂ ಒಂದಾಗಿಸಿ, ಸೋರ್ಸ್ ತಿದ್ದಿ, ಕಟ್ ಆಫ್‌ಗೆ ಮೊದಲೇ ಒಪ್ಪಿಗೆ ಕಳಿಸಿದರು. ಜನವರಿ ಪೇ ಸ್ಲಿಪ್ಪಿನಲ್ಲಿ 60,000 ಬಂತು. ಆದರೆ ಕೈಗೆ ಸಿಕ್ಕದ್ದು ಅಷ್ಟಲ್ಲ. ರೆಫರಲ್ ಬೋನಸ್ ಉಡುಗೊರೆಯಲ್ಲ, ತೆರಿಗೆಯ ದೃಷ್ಟಿಯಲ್ಲಿ ಸಂಬಳದ ಭಾಗ. ಆಕೆ ಶೇಕಡಾ 20ರ ಹಂತದಲ್ಲಿದ್ದಳು ಎಂದಾದರೆ, ಶೇಕಡಾ 4ರ ಸೆಸ್ ಸೇರಿ ತೆರಿಗೆ 12,480 ರೂಪಾಯಿ, ಉಳಿಯುವುದು 47,520. ಕೆಲವು ಪೇರೋಲ್‌ಗಳು ಆ ತೆರಿಗೆಯನ್ನು ಒಂದೇ ತಿಂಗಳಲ್ಲಿ ಮುರಿದುಕೊಳ್ಳುತ್ತವೆ. ಇನ್ನು ಕೆಲವು ಮಾರ್ಚ್‌ವರೆಗೆ ಉಳಿದ ಮೂರು ತಿಂಗಳಿಗೆ 4,160ರಂತೆ ಹಂಚುತ್ತವೆ, ಆಗ ಫೆಬ್ರುವರಿ, ಮಾರ್ಚ್ ಸಂಬಳ ಯಾಕೋ ಕಡಿಮೆಯಾಯಿತಲ್ಲ ಎನಿಸುತ್ತದೆ. ಪೇರೋಲ್‌ಗೆ ಇನ್ನೊಂದು ಟಿಕೆಟ್ ಹಾಕುವ ಮೊದಲು ಆ ತಿಂಗಳ ಟಿಡಿಎಸ್ ಸಾಲನ್ನು ನೋಡಿ. ಮಧ್ಯೆ ಕಂಪನಿ ಬದಲಿಸಿದವರು ಈ ಮೊತ್ತವನ್ನು ಹೊಸ ಕಂಪನಿಗೂ ತಿಳಿಸಿ, ಹಳೆಯ ಕಂಪನಿಯಿಂದ ಫಾರಂ 16 ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ರಿಟರ್ನ್ ಸಲ್ಲಿಸುವಾಗ ತೆರಿಗೆಯ ಬಾಕಿ ಒಂದೇ ಸಲ ಎದುರಾಗುತ್ತದೆ.